ಜಾಗ ಖಾಲಿ ಐತಲ್ರೀ

ನಮ್ಮ ಕಾಲೇಜಿನ ಲಾಂಛನ ಗುಂಡಗಿದೆ. ಸ್ಥಾಪನೆಯಾದ ದಿನದಿಂದ ಗುಂಡಗೇ ಇತ್ತು. ಮೊನ್ನೆ ಗುರುವಾರ ಮಧ್ಯಾಹ್ನ ಊಟ ಮುಗಿಸಿ ಬರುವಷ್ಟರಲ್ಲಿ ಅದು ಕಡುಬಾಗಿತ್ತು.

ಲೈಬ್ರರಿ ಮೇಡಂ ನಿವೃತ್ತಿಯಾಗುತ್ತಿದ್ದರು. ಬೀಳ್ಕೊಡುಗೆಗೆ ಫೋಟೋಗಳ ಪ್ರೆಸೆಂಟೇಷನ್ ಮಾಡುವ ಕೆಲಸ, ಕಂಪ್ಯೂಟರ್ ಗೊತ್ತಿರುವ ತಪ್ಪಿಗೆ, ನನ್ನ ತಲೆಗೆ ಬಂತು. ಎಷ್ಟೋ ವರ್ಷದಿಂದ ಎಲ್ಲ ಸಮಾರಂಭಕ್ಕೂ ಬಳಸುವ ಹಳೆಯ ಫೈಲೊಂದಿದೆ. ಅದರಲ್ಲೇ ಫೋಟೋ ಜೋಡಿಸಿದೆ. ಆ ಫೈಲು 4:3, ಅಂದರೆ ಹಳೆ ಟಿವಿಯ ಆಕಾರ. ನಮ್ಮ ಹೊಸ ಸೆಮಿನಾರ್ ಹಾಲಿನ ಗೋಡೆಯ ಪರದೆ 16:9. ಹಾಕಿ ನೋಡಿದರೆ ಎಡಕ್ಕೂ ಬಲಕ್ಕೂ ಒಂದೊಂದು ಕಪ್ಪು ಪಟ್ಟಿ. ನನಗೇನೂ ಬೇಜಾರಾಗಲಿಲ್ಲ. ಬೇಜಾರಾದದ್ದು ಹೆಡ್ ಕ್ಲಾರ್ಕ್ ಸಾಹೇಬರಿಗೆ.

ಇವರ ಸ್ವಭಾವ ಸ್ವಲ್ಪ ಹೇಳಬೇಕು. ಖಾಲಿ ಜಾಗ ಕಂಡರೆ ಇವರಿಗೆ ತಡೆಯುವುದಿಲ್ಲ. ನೋಟಿಸ್ ಬೋರ್ಡಿನಲ್ಲಿ ಅಂಗೈಯಗಲ ಜಾಗ ಉಳಿದರೆ ಹೋದ ವರ್ಷದ ಸುತ್ತೋಲೆ ತಂದು ಅಂಟಿಸುತ್ತಾರೆ. ಆಮಂತ್ರಣ ಪತ್ರಿಕೆಯ ಕೆಳಗೆ ಎರಡು ಬೆರಳು ಜಾಗ ಕಂಡರೆ ‘ಸರ್ವರಿಗೂ ಆದರದ ಸ್ವಾಗತ’ ಎಂದು ಎರಡನೇ ಸಲ ಸೇರಿಸುತ್ತಾರೆ. ಮಂಡಕ್ಕಿ ಅಂಗಡಿಯಲ್ಲಿ ಪೊಟ್ಟಣದ ಬಾಯಿ ಮಡಚಲು ಬಿಡದೆ “ಇನ್ನೂ ಜಾಗ ಐತಲ್ಲಪ್ಪ” ಎಂದು ಹುಡುಗನ ಕೈ ಹಿಡಿಯುತ್ತಾರೆ. ಬಸ್ಸಿನಲ್ಲಿ ಮೂವರ ಸೀಟಿನಲ್ಲಿ ಇವರಿಗೆ ಯಾವಾಗಲೂ ನಾಲ್ಕನೆಯವನ ಜಾಗ ಕಾಣುತ್ತದೆ. ಅಂಥವರ ಕಣ್ಣೆದುರು ಎರಡು ಕಪ್ಪು ಪಟ್ಟಿ.

“ಸರ್, ಜಾಗ ಖಾಲಿ ಐತಲ್ರೀ.”

“ಇರಲಿ ಬಿಡ್ರಿ, ಸ್ಲೈಡೇ ಅಷ್ಟು ಅಗಲ” ಎಂದು ಊಟಕ್ಕೆ ಹೋದೆ. ತಪ್ಪಾಯಿತು.

ನಾನಿಲ್ಲದಾಗ ಸಾಹೇಬರು Design ಮೆನುವಿನ Slide Size ಒತ್ತಿ Widescreen ಮಾಡಿದ್ದರು. ಹಾಗೆ ಮಾಡಿದರೆ ಆಗುವುದಿಷ್ಟು. ಸ್ಲೈಡಿನ ಎತ್ತರ ಏಳೂವರೆ ಇಂಚೇ ಉಳಿಯುತ್ತದೆ, ಅಗಲ ಮಾತ್ರ 10 ಇಂಚಿನಿಂದ 13.33ಕ್ಕೆ ಹೋಗುತ್ತದೆ. ಹಳೆಯ ಪವರ್‌ಪಾಯಿಂಟ್ ಇದ್ದಬದ್ದದ್ದನ್ನೆಲ್ಲ ಅಡ್ಡಕ್ಕೆ ಎಳೆದುಬಿಡುತ್ತಿತ್ತು. 2013ರಿಂದೀಚೆಗಿನದು ಸ್ವಲ್ಪ ಮರ್ಯಾದಸ್ಥ, ಸ್ಲೈಡಿನ ಮೇಲಿನ ಫೋಟೋಗಳನ್ನು ಅವುಗಳ ಆಕಾರದಲ್ಲೇ ಬಿಡುತ್ತದೆ. ಆದರೆ ಎಲ್ಲ ಸ್ಲೈಡಿಗೂ ಒಂದೇ ಕಡೆಯಿಂದ ಬರುವ ಚಿತ್ರ, ಅಂದರೆ Slide Masterನಲ್ಲಿ ಕೂತ ಲಾಂಛನದಂಥದ್ದು, ಹಿಗ್ಗುತ್ತದೆ. ಒಂದು ಇಂಚಿನ ಗುಂಡು ಲಾಂಛನದ ಅಗಲ ಒಂದೂಕಾಲು ಇಂಚಿನ ಮೇಲಾಗಿತ್ತು. ಸ್ಲೈಡಿನಲ್ಲಿ ಅದರ ಮೇಲೆ ಎಷ್ಟು ಕ್ಲಿಕ್ ಮಾಡಿದರೂ ಕೈಗೆ ಸಿಗುವುದಿಲ್ಲ, ಅದು ಅಲ್ಲಿಲ್ಲವೇ ಇಲ್ಲ. View ಒಳಗೆ Slide Master ತೆರೆದು, ಎಡಗಡೆ ಎಲ್ಲಕ್ಕಿಂತ ಮೇಲಿರುವ ದೊಡ್ಡ ಸ್ಲೈಡಿಗೆ ಹೋಗಿ ಅದನ್ನು ಹಿಡಿಯಬೇಕು. Format Pictureನ ಅಳತೆಯ ಜಾಗದಲ್ಲಿ Scale Height 40%, Scale Width 53% ಎಂದಿತ್ತು. ಈ ಎರಡು ಅಂಕಿ ಬೇರೆಬೇರೆ ಕಂಡರೆ ಚಿತ್ರವನ್ನು ಯಾರೋ ಎಳೆದಿದ್ದಾರೆ ಎಂದೇ ಅರ್ಥ. Lock aspect ratio ಎಂಬ ಗುರುತು ತೆಗೆದು ಎರಡಕ್ಕೂ 40 ಕೊಟ್ಟು ಮತ್ತೆ ಗುರುತು ಹಾಕಿದೆ. ಕಡುಬು ಗುಂಡಗಾಯಿತು.

ಅಷ್ಟಕ್ಕೇ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ.

ಸ್ಲೈಡು ಅಗಲವಾದರೂ ಫೋಟೋ ಅಗಲವಾಗಲಿಲ್ಲವಲ್ಲ, ಈಗ ಖಾಲಿ ಜಾಗ ಕಪ್ಪಿನ ಬದಲು ಬಿಳಿ. ಸಾಹೇಬರು ಇಪ್ಪತ್ತಾರು ಸ್ಲೈಡಿನಲ್ಲೂ ಒಂದೊಂದು ಫೋಟೋದ ಪಕ್ಕದ ಚುಕ್ಕೆ ಹಿಡಿದು ಅಂಚಿನವರೆಗೆ ಎಳೆದಿದ್ದರು. ಮೂಲೆಯ ಚುಕ್ಕೆಯಾಗಿದ್ದರೆ ಎರಡೂ ಕಡೆ ಸಮ ಬೆಳೆಯುತ್ತಿತ್ತು. ಪಕ್ಕದ್ದು ಅಡ್ಡಕ್ಕೆ ಮಾತ್ರ ಎಳೆಯುತ್ತದೆ. ಎಂಟು ಇಂಚು ಅಗಲದ ಫೋಟೋ ಎತ್ತರ ಬದಲಾಗದೆ 13.33 ಇಂಚಾಗಿತ್ತು. ಮೇಡಂಗೆ ಪ್ರಿಯವಾದ ಬೆಣ್ಣೆ ದೋಸೆಯದೊಂದು ಫೋಟೋ ಹಾಕಿದ್ದೆ. ದಾವಣಗೆರೆಯಲ್ಲಿ ಹುಟ್ಟಿದವರು ಏನನ್ನು ಸಹಿಸಿದರೂ ದೋಸೆಯನ್ನು ಆ ಸ್ಥಿತಿಯಲ್ಲಿ ಸಹಿಸಲಾರರು. ತೆಪ್ಪದ ಹಾಗೆ ಮಲಗಿತ್ತು. ಮೇಲಿನ ಬೆಣ್ಣೆ ಮುದ್ದೆ ಸೋಪಿನ ಬಿಲ್ಲೆ.

“ಈಗ ನೋಡ್ರಿ, ತುಂಬೇತಿ” ಎಂದರು ಸಾಹೇಬರು, ಮನೆ ಕಟ್ಟಿಸಿದವರ ಮುಖದಲ್ಲಿ.

ಆಕಾರ ಕೆಡಿಸದೆ ಪೂರ್ತಿ ತುಂಬಿಸಲು ಹೋದರೆ ಏನಾಗುತ್ತದೆಂದು ಅವರ ಎದುರೇ ಮಾಡಿ ತೋರಿಸಿದೆ. 4:3ರ ಫೋಟೋವನ್ನು 13.33 ಅಗಲಕ್ಕೆ ಬೆಳೆಸಿದರೆ ಎತ್ತರ ಹತ್ತು ಇಂಚಾಗುತ್ತದೆ, ಸ್ಲೈಡು ಇರುವುದು ಏಳೂವರೆ. ಎರಡೂವರೆ ಇಂಚು ಕತ್ತರಿಸಬೇಕು. ಗ್ರೂಪ್ ಫೋಟೋದಲ್ಲಿ ಆ ಎರಡೂವರೆ ಇಂಚಿನಲ್ಲಿ ಹಿಂದಿನ ಸಾಲಿನವರ ತಲೆಗಳಿದ್ದವು. ಅದರಲ್ಲಿ ಒಂದು ಸಾಹೇಬರದೇ. ಆಮೇಲೆ ವಾದ ಬೆಳೆಯಲಿಲ್ಲ. ಫೋಟೋವನ್ನು ಪೂರ್ತಿ ಎತ್ತರಕ್ಕೆ, ಅಂದರೆ ಹತ್ತು ಇಂಚು ಅಗಲಕ್ಕೆ ಬೆಳೆಸಿ, ಎಡಕ್ಕೆ ಒತ್ತಿ, ಉಳಿದ ಮೂರು ಚಿಲ್ಲರೆ ಇಂಚಿನ ಪಟ್ಟಿಯಲ್ಲಿ ಇಸವಿ, ಹೆಸರು ಬರೆದೆ. ಖಾಲಿಯೂ ಇಲ್ಲ, ಎಳೆದದ್ದೂ ಅಲ್ಲ. Reset Picture & Size ಒತ್ತಿದರೆ ಬೇಗ ಮುಗಿಯುತ್ತಿತ್ತು, ಆದರೆ ಅದು ನಾನು ಮೊದಲೇ ಕತ್ತರಿಸಿಟ್ಟಿದ್ದನ್ನೂ ಬಿಚ್ಚಿ ಹಾಕುತ್ತದೆ. ಹಾಗಾಗಿ ಒಂದೊಂದಕ್ಕೂ ಎರಡೆರಡು ಅಂಕಿ ಕೂರಿಸಿದೆ. ರಾತ್ರಿ ಹನ್ನೊಂದಾಯಿತು.

ಶುಕ್ರವಾರ ಬೆಳಿಗ್ಗೆ ಪ್ರಿನ್ಸಿಪಾಲರು ಕಾರ್ಯಕ್ರಮವನ್ನು ಹಳೇ ಆಡಿಟೋರಿಯಮ್ಮಿಗೆ ವರ್ಗಾಯಿಸಿದರು. ಅಲ್ಲಿ ಕುರ್ಚಿ ಜಾಸ್ತಿ. ಅಲ್ಲಿನ ಪ್ರೊಜೆಕ್ಟರ್ 4:3.

ನಾನು ಓಡಿ ಹೋಗುವಷ್ಟರಲ್ಲಿ ಸಾಹೇಬರು ಮತ್ತೆ Slide Size ತೆರೆದಿದ್ದರು. ಚಿಕ್ಕದಕ್ಕೆ ಇಳಿಸುವಾಗ ಅದೊಂದು ಪ್ರಶ್ನೆ ಕೇಳುತ್ತದೆ: Maximize ಮಾಡಲೋ, Ensure Fit ಮಾಡಲೋ? ಮೊದಲನೆಯದು ಎಲ್ಲವನ್ನೂ ಇದ್ದ ಗಾತ್ರದಲ್ಲೇ ಬಿಡುತ್ತದೆ, ಅಂಚಿನಲ್ಲಿದ್ದದ್ದು ಸ್ಲೈಡಿನಾಚೆ ನೇತಾಡುತ್ತದೆ. ಎರಡನೆಯದು ಎಲ್ಲವನ್ನೂ ಮುಕ್ಕಾಲಿಗೆ ಇಳಿಸುತ್ತದೆ, ಮೇಲೆ ಕೆಳಗೆ ಖಾಲಿ. ಯಾವುದು ಒತ್ತಿದರೂ ಮೊದಲಿನ 4:3 ಫೈಲು ವಾಪಸ್ ಬರುವುದಿಲ್ಲ. ಹೋಗಿ ಬಂದ ದಾರಿಯಲ್ಲಿ ಜೋಡಣೆ ಕಳೆದಿರುತ್ತದೆ. ನಾನು Cancel ಒತ್ತಿದೆ. 16:9 ಫೈಲನ್ನು ಹಾಗೇ ಹಾಕಿದರೆ ಮೇಲೆ ಕೆಳಗೆ ಕಪ್ಪು ಪಟ್ಟಿ ಬರುತ್ತದೆ, ಯಾರ ಮುಖವೂ ಕೆಡುವುದಿಲ್ಲ.

ಆದರೂ ಪರದೆಯ ಮೇಲೆ ಎಲ್ಲರೂ ನೀಲಗಿರಿ ಮರದಂತೆ ಉದ್ದಕ್ಕೆ ನಿಂತಿದ್ದರು. ಲ್ಯಾಪ್‌ಟಾಪಿನಲ್ಲಿ ದೋಸೆ ಗುಂಡಗೆ, ಪರದೆಯಲ್ಲಿ ಮೊಟ್ಟೆ. ಹಾಗಿದ್ದರೆ ಫೈಲಿನ ತಪ್ಪಲ್ಲ. ತಿರುಗಿ ನೋಡಿದೆ. ಸಾಹೇಬರ ಕೈಯಲ್ಲಿ ಪ್ರೊಜೆಕ್ಟರಿನ ರಿಮೋಟು, ಹೆಬ್ಬೆರಳು Aspect ಗುಂಡಿಯ ಮೇಲೆ.

“ಮ್ಯಾಲೆ ಜಾಗ ಖಾಲಿ ಇತ್ತಲ್ರೀ.”

ರಿಮೋಟು ಕಿತ್ತುಕೊಂಡು ಜೇಬಿಗಿಟ್ಟುಕೊಂಡೆ. ಈಗಲೂ ನನ್ನ ಹತ್ತಿರವೇ ಇದೆ.

ಕಾರ್ಯಕ್ರಮಕ್ಕೆ ಮುಂಚೆ ಇಸವಿಗಳು ಸರಿಯಿವೆಯೇ ಎಂದು ಮೇಡಂಗೆ ಒಮ್ಮೆ ಎಲ್ಲ ತೋರಿಸಿದೆ. ಅವಸರದಲ್ಲಿ ಹನ್ನೊಂದನೇ ಸ್ಲೈಡು ಸರಿಮಾಡುವುದು ಬಿಟ್ಟುಹೋಗಿತ್ತು. ಅದರಲ್ಲಿ ಮೇಡಂ, ಅವರ ಯಜಮಾನರು, ಕುಂದುವಾಡ ಕೆರೆಯ ಏರಿ. ಯಜಮಾನರು ಹೋಗಿ ಆರು ವರ್ಷವಾಯಿತು. ಕಡ್ಡಿಯಂಥ ಮನುಷ್ಯ, ಸಾಹೇಬರು ಎಳೆದ ಎಳೆತಕ್ಕೆ ಗರಡಿ ಮನೆಯ ಪೈಲ್ವಾನರಾಗಿ ನಿಂತಿದ್ದರು. ನನ್ನ ಕೈ ಮೌಸಿಗೆ ಹೋಯಿತು. “ಒಂದು ನಿಮಿಷ ಮೇಡಂ, ಇದು ತಪ್ಪಾಗಿದೆ.”

ಮೇಡಂ ಸ್ವಲ್ಪ ಹೊತ್ತು ನೋಡಿದರು.

“ಬಿಡ್ರಿ ಸರ್. ಎಷ್ಟು ಉಣ್ಣಿಸಿದ್ರೂ ಮೈ ಹತ್ತಲಿಲ್ಲ ಅವರಿಗೆ. ಇಲ್ಲಾದ್ರೂ ಹತ್ತೇತಿ.”

ಇಪ್ಪತ್ತಾರರಲ್ಲಿ ಅದೊಂದನ್ನು ಹಾಗೇ ಬಿಟ್ಟೆ. ಹಾಲಿನಲ್ಲಿ ಆ ಸ್ಲೈಡು ಬಂದಾಗ ಸಾಹೇಬರು ನನ್ನ ಮೊಣಕೈ ತಿವಿದು ಪಿಸುಗುಟ್ಟಿದರು:

“ನೋಡಿದ್ರಾ? ಇದೊಂದೇ ನೆಟ್ಟಗೆ ತುಂಬಿರೋದು.”