ಸೈಡ್ ಎಫೆಕ್ಟ್ ಇಲ್ಲದ ಇನ್ಸುಲಿನ್

ಮುಂಜಾನೆ ಮೊಬೈಲಿಗೆ ಬಂದು ಬೀಳುವ ಆರೋಗ್ಯ ಸಂದೇಶಗಳ ಧೈರ್ಯ ಮೆಚ್ಚಬೇಕು. ಒಂದೇ ಉಸಿರಿನಲ್ಲಿ ಎರಡು ಮಾತು ಹೇಳುತ್ತವೆ. ಖಾಲಿ ಹೊಟ್ಟೆಯಲ್ಲಿ ಕುಡಿದ ಹಾಗಲಕಾಯಿ ರಸ ಇನ್ಸುಲಿನ್ ಥರಾನೇ ಕೆಲಸ ಮಾಡುತ್ತದಂತೆ. ಮತ್ತೆ, ಅದಕ್ಕೆ ಸೈಡ್ ಎಫೆಕ್ಟೇ ಇಲ್ಲವಂತೆ. ಇನ್ಸುಲಿನ್ ಥರ ಕೆಲಸ ಮಾಡುವುದಾದರೆ ಸಕ್ಕರೆ ಬೇಕಾದ್ದಕ್ಕಿಂತ ಜಾಸ್ತಿ ಇಳಿಯಲೂಬಹುದು, ಅಲ್ವಾ? ಹೀಗೆ ಕೇಳಿದವರು ಗ್ರೂಪಿನಲ್ಲಿ ಹೆಚ್ಚು ದಿನ ಉಳಿಯುವುದಿಲ್ಲ.

‘ವೈದ್ಯರು ಬಚ್ಚಿಟ್ಟ ಗುಟ್ಟು’ ಅನ್ನುವ ಸಾಲೂ ಇರುತ್ತದೆ. ಪಾಪ, ಅವರು ಬಚ್ಚಿಡಲು ಹೋಗಿ ಪತ್ರಿಕೆಗಳಲ್ಲಿ ಅಚ್ಚು ಹಾಕಿಸಿಬಿಟ್ಟಿದ್ದಾರೆ. ಹಾಗಲದಲ್ಲಿ ಸಕ್ಕರೆ ಇಳಿಸುವ ಅಂಶಗಳಿರುವುದು ನಿಜ. 2011ರಲ್ಲಿ ಪ್ರಕಟವಾದ ಥಾಯ್ಲೆಂಡಿನ ಅಧ್ಯಯನವೊಂದರಲ್ಲಿ ದಿನಕ್ಕೆ 2,000 ಮಿಲಿಗ್ರಾಂ ಒಣ ಹಾಗಲವನ್ನು ನಾಲ್ಕು ವಾರ ಕೊಟ್ಟರು. ಸಕ್ಕರೆ ಸ್ವಲ್ಪ ಇಳಿಯಿತು. ಆದರೆ ಸಕ್ಕರೆ ಕಾಯಿಲೆಯ ಮಾಮೂಲಿ ಮಾತ್ರೆಯಾದ 1,000 ಮಿಲಿಗ್ರಾಂ ಮೆಟ್‌ಫಾರ್ಮಿನ್ ಇಳಿಸಿದಷ್ಟು ಇಳಿಯಲಿಲ್ಲ. ಮರುವರ್ಷ, ವೈದ್ಯಕೀಯ ಪುರಾವೆಗಳನ್ನು ಒರೆಗೆ ಹಚ್ಚುವ ಕಾಕ್ರೇನ್ ಸಂಸ್ಥೆಯ ವಿಮರ್ಶೆ ಇದ್ದಬದ್ದ ಪ್ರಯೋಗಗಳನ್ನು ತೂಗಿ ನೋಡಿ, ಮಧುಮೇಹಕ್ಕೆ ಇದನ್ನು ಶಿಫಾರಸು ಮಾಡುವಷ್ಟು ಪುರಾವೆ ಇಲ್ಲ ಎಂದಿತು. ಇಷ್ಟು ಸಪ್ಪೆ ಸುದ್ದಿಯನ್ನು ಯಾರು ಫಾರ್ವರ್ಡ್ ಮಾಡುತ್ತಾರೆ ಹೇಳಿ.

ಈಗ ಸಂದೇಶವನ್ನು ಚಾಚೂ ತಪ್ಪದೆ ಪಾಲಿಸುವ ಹಿರಿಯರೊಬ್ಬರನ್ನು ಊಹಿಸಿಕೊಳ್ಳಿ. ಸಕ್ಕರೆ ಕಾಯಿಲೆಗೆ ಗ್ಲಿಮೆಪಿರೈಡ್ ಮಾತ್ರೆ ತೆಗೆದುಕೊಳ್ಳುತ್ತಾರೆ. ಈ ಮಾತ್ರೆ ಮೇದೋಜೀರಕ ಗ್ರಂಥಿಯನ್ನು ತಿವಿದು ಇನ್ಸುಲಿನ್ ಹೊರಡಿಸುತ್ತದೆ. ನೀವು ತಿಂಡಿ ತಿಂದಿದ್ದೀರೋ ಇಲ್ಲವೋ ಅದಕ್ಕೆ ಸಂಬಂಧವಿಲ್ಲ. ಅದಕ್ಕೇ ಅದನ್ನು ತಿಂಡಿಯ ಜೊತೆ ತೆಗೆದುಕೊಳ್ಳಿ ಅನ್ನುವುದು. ನಮ್ಮ ಹಿರಿಯರು ಬೆಳಗ್ಗೆ ಆರಕ್ಕೆ ಒಂದು ದೊಡ್ಡ ಲೋಟ ರಸ ಇಳಿಸಿದರು. ಕಹಿಯ ಮೇಲೆ ಕಹಿ ಎಂದು ಮಾತ್ರೆಯನ್ನೂ ನುಂಗಿದರು. ಒಂದು ಗಂಟೆ ಬಿರುಸಾಗಿ ನಡೆದರು. ರಸ ‘ಹಿಡಿಯಲು’ ಎರಡು ಗಂಟೆ ಏನೂ ತಿನ್ನಬಾರದು ಎಂದು ಬರೆದಿತ್ತು, ಹಾಗಾಗಿ ತಿಂಡಿಯೂ ಇಲ್ಲ.

ಎಂಟಕ್ಕೆ ಕೈ ನಡುಗಿತು. ಮೈ ಬೆವರಿತು, ಎದೆ ಡವಡವ ಎಂದಿತು, ಕಾರಣವಿಲ್ಲದೆ ಸಿಟ್ಟು ಬಂತು. ಗ್ರೂಪಿನಲ್ಲಿ ಕೇಳಿದರೆ ತಕ್ಷಣ ಉತ್ತರ: “ವಿಷ ಹೊರಗೆ ಬರ್ತಿದೆ ಸಾರ್, ನಿಲ್ಲಿಸಬೇಡಿ.” ಗ್ಲೂಕೋಮೀಟರ್ 56 ತೋರಿಸಿತು. ಗ್ರೂಪಿನ ತುಂಬ ಚಪ್ಪಾಳೆ.

70ಕ್ಕಿಂತ ಕೆಳಗಿಳಿದರೆ ಅದು ಸಕ್ಕರೆ ಕುಸಿತ. 54ರ ಕೆಳಗೆ ಹೋದರೆ ತಲೆಯೇ ಓಡುವುದಿಲ್ಲ. ಆಗ ಬೇಕಾದದ್ದು ಚಪ್ಪಾಳೆಯಲ್ಲ, ಮೂರು ಟೀ ಚಮಚ ಸಕ್ಕರೆ ಕದಡಿದ ನೀರು. ಹದಿನೈದು ನಿಮಿಷ ಬಿಟ್ಟು ಮತ್ತೆ ಅಳೆಯಬೇಕು. ಏರದಿದ್ದರೆ ಇನ್ನೊಮ್ಮೆ ಕೊಡಬೇಕು, ಏರಿದ ಮೇಲೆ ಸರಿಯಾಗಿ ಊಟ ಮಾಡಿಸಬೇಕು. ಗ್ಲಿಮೆಪಿರೈಡ್ ಪ್ರಭಾವ ದಿನವಿಡೀ ಇರುವುದರಿಂದ ಸಕ್ಕರೆ ಮತ್ತೆ ಕುಸಿಯಬಹುದು. ಆ ದಿನ ಪದೇಪದೇ ನೋಡುತ್ತಿರಬೇಕು. ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕಬಾರದು, ಸೀದಾ ಆಸ್ಪತ್ರೆ. ಇನ್ಸುಲಿನ್ ಚುಚ್ಚಿಕೊಳ್ಳುವವರದೂ ಇದೇ ಕಥೆ. ಬರೀ ಮೆಟ್‌ಫಾರ್ಮಿನ್ ತೆಗೆದುಕೊಳ್ಳುವವರಿಗೆ ಈ ಅಪಾಯ ತುಂಬ ಕಡಿಮೆ.

ಹೊಟ್ಟೆಯ ವಿಷಯದಲ್ಲೂ ಸಂದೇಶ ಕವಿಗೆ ಉತ್ತರ ಸಿದ್ಧವಿದೆ. ಉರಿ ಬಂದರೆ ಶುದ್ಧೀಕರಣ. ಭೇದಿಯಾದರೆ ಮಹಾ ಶುದ್ಧೀಕರಣ. ಖಾಲಿ ಹೊಟ್ಟೆಗೆ ಬಿದ್ದ ಗಟ್ಟಿ ರಸ ವಾಕರಿಕೆ, ಹೊಟ್ಟೆನೋವು, ಭೇದಿ ತರಬಹುದು, ಅಷ್ಟೇ. ಮೊದಲೇ ಹುಣ್ಣು ಅಥವಾ ಗ್ಯಾಸ್ಟ್ರೈಟಿಸ್ ಇದ್ದವರು ಇದರ ತಂಟೆಗೆ ಹೋಗದಿರುವುದೇ ಒಳ್ಳೆಯದು. ರಕ್ತವಾಂತಿಯಾದರೆ, ಮಲ ಡಾಂಬರಿನಂತೆ ಕಪ್ಪಗಾದರೆ ಅದನ್ನು ಶುದ್ಧೀಕರಣ ಎನ್ನಲು ಸಂದೇಶ ಕವಿಗೂ ಕಷ್ಟವಾದೀತು. ಆಗ ತುರ್ತು ಚಿಕಿತ್ಸೆ ಬೇಕು.

ಇನ್ನು ‘ಎಲ್ಲರಿಗೂ ಒಳ್ಳೆಯದು’ ಎಂಬ ಆಶೀರ್ವಾದ. ಈ ಎಲ್ಲರಲ್ಲಿ ಗರ್ಭಿಣಿಯರು ಸೇರಿಲ್ಲ, ಏಕೆಂದರೆ ಇದರ ಕೆಲವು ಪ್ರೋಟೀನುಗಳು ಪ್ರಾಣಿಗಳಲ್ಲಿ ಗರ್ಭಪಾತ ಮಾಡಿಸಿವೆ. ಕೆಂಪು ರಕ್ತಕಣಗಳನ್ನು ಕಾಪಾಡುವ ಜಿ6ಪಿಡಿ ಎಂಬ ಕಿಣ್ವದ ಕೊರತೆ ಇರುವವರೂ ಸೇರಿಲ್ಲ. ಬೀಜದಲ್ಲಿರುವ ವೈಸಿನ್ ಎಂಬ ಅಂಶ ಅವರ ಕೆಂಪು ರಕ್ತಕಣಗಳನ್ನು ಒಡೆಯಬಹುದು. ಮಕ್ಕಳಿಗೂ ಈ ರಸ ಬೇಡ. ಶಸ್ತ್ರಚಿಕಿತ್ಸೆ ಇದ್ದರೆ ಎರಡು ವಾರ ಮೊದಲೇ ನಿಲ್ಲಿಸಿ, ವೈದ್ಯರಿಗೂ ಹೇಳಬೇಕು. ಪಲ್ಯ ಮಾಡಿ ತಿನ್ನುವವರು ಗಾಬರಿಯಾಗಬೇಕಿಲ್ಲ. ಊಟದ ನಡುವೆ ನಾಲ್ಕು ತುತ್ತು ತಿನ್ನುವುದಕ್ಕೂ ಹತ್ತು ಕಾಯಿ ಹಿಂಡಿ ಗಟಗಟ ಕುಡಿಯುವುದಕ್ಕೂ ವ್ಯತ್ಯಾಸವಿದೆ.

ಕೊನೆಗೆ ಪ್ರಮಾಣ. ಮಾತ್ರೆಯ ಮೇಲೆ ಮಿಲಿಗ್ರಾಂ ಅಚ್ಚಾಗಿರುತ್ತದೆ. ಸಂದೇಶದಲ್ಲಿ ಇರುವುದು ‘ಒಂದು ಲೋಟ’. ಎಷ್ಟು ದೊಡ್ಡ ಲೋಟ, ಯಾವ ತಳಿ, ಎಳೆಯದೋ ಬಲಿತದ್ದೋ, ಬೀಜ ಸಮೇತವೋ, ನೀರು ಎಷ್ಟು, ಏನೂ ಇಲ್ಲ. ಇವತ್ತಿನ ಲೋಟಕ್ಕೂ ನಾಳೆಯ ಲೋಟಕ್ಕೂ ತಾಳೆಯಿಲ್ಲ. ಇದೇ ಲೋಟವನ್ನು ನಂಬಿ ಮಾತ್ರೆ ಬಿಡಿ ಎನ್ನುವ ಸಾಲು ಮಾತ್ರ ದಪ್ಪಕ್ಷರದಲ್ಲಿದೆ.