ನೂರಹದಿನೆಂಟರಲ್ಲಿ ಹದಿನೆಂಟು, ನೂರರಲ್ಲಿ ಅಲ್ಲ

ನಿನ್ನೆ ಸಂಜೆ ಕೊಪ್ಪಿಕರ ರಸ್ತೆ ಕಡೆ ಮಿಕ್ಸರ್ ತರಲು ಹೋಗಿದ್ದೆ. ಹಳೆಯದು ಶೇಂಗಾ ಚಟ್ನಿ ಮಾಡುವಾಗ ಹೊಗೆ ಬಿಟ್ಟು ಸುಮ್ಮನಾಯಿತು. ಅಂಗಡಿ ಹೆಸರು ಕೇಳಬೇಡಿ, ಹೇಳುವುದಿಲ್ಲ. ದರದ ಬಗ್ಗೆ ನನಗೆ ತಕರಾರೂ ಇಲ್ಲ. ಎಲ್ಲಾ ಸೇರಿ 3,540 ರೂಪಾಯಿ ಅಂದರು, ಹೂಂ ಅಂದೆ. ಪಕ್ಕಾ ಬಿಲ್ ಕೊಡ್ರಿ ಅಂದೆ. ಕಂಪ್ಯೂಟರ್ ಕೆಟ್ಟಿತ್ತು, ಕೌಂಟರಿನ ಹುಡುಗ ಬಿಲ್ ಬುಕ್ ತೆಗೆದು ಕೈಯಲ್ಲೇ ಬರೆಯತೊಡಗಿದ.

ಅಲ್ಲಿಗೇ ಸುಮ್ನೆ ಬರಬಹುದಿತ್ತು. ಆದರೆ ನನ್ನ ಕಣ್ಣು ನಿಮಗೆ ಗೊತ್ತಲ್ಲ. ಇಷ್ಟು ವರ್ಷ ಲೆಕ್ಕ ಬರೆದವಳಿಗೆ ಬಿಲ್ ಕಂಡರೆ ಮೊದಲು ಕೆಳಗಿನ ಸಾಲುಗಳೇ ಕಾಣುತ್ತವೆ. ಹುಡುಗ ಕ್ಯಾಲ್ಕುಲೇಟರಿನಲ್ಲಿ 3540 ಒತ್ತಿ, ಅದರ ಮೇಲೆ 18 ಪರ್ಸೆಂಟ್ ಒತ್ತಿದ. 637.20 ಬಂತು. ಅದನ್ನು ಎರಡು ಪಾಲು ಮಾಡಿ ಸಿಜಿಎಸ್‌ಟಿ 318.60, ಎಸ್‌ಜಿಎಸ್‌ಟಿ 318.60 ಅಂತ ಬರೆದ. 3,540ರಲ್ಲಿ ಅದನ್ನು ಕಳೆದು ಮಿಕ್ಸರಿನ ಮೂಲ ಬೆಲೆ 2,902.80 ಅಂತ ಮುದ್ದಾದ ಅಕ್ಷರದಲ್ಲಿ ಬರೆದು, ಸಿಕ್ಕಾ ಒತ್ತಲು ಹೊರಟ.

"ತಮ್ಮಾ, ಒಂದ್ನಿಮಿಷ ತಡಿ. ಈ 2,902.80ರ ಮ್ಯಾಲೆ 18 ಪರ್ಸೆಂಟ್ ಹಾಕಿ ನೋಡು" ಅಂದೆ.

ಹಾಕಿದ. 522.50 ಬಂತು. ಎರಡೂ ಕೂಡಿಸಿದರೆ 3,425.30. ಹುಡುಗ ಕ್ಯಾಲ್ಕುಲೇಟರನ್ನು ಮೇಜಿಗೆ ಎರಡು ಸಲ ಬಡಿದ. ಪಾಪ, ಅದರ ತಪ್ಪೇನಿತ್ತು?

ನನ್ನ ಸಿಟ್ಟು ಇಷ್ಟೇ. ಜಿಎಸ್‌ಟಿ ಬಂದದ್ದು 2017ರ ಜುಲೈ 1ಕ್ಕೆ. ಇಷ್ಟು ವರ್ಷವಾದರೂ, ತೆರಿಗೆ ಸೇರಿದ ಬೆಲೆಯಿಂದ ತೆರಿಗೆಯನ್ನು ಬೇರೆ ಮಾಡುವುದು ಅಂದರೆ ಜನ ಕಣ್ಣುಮುಚ್ಚಿ ಶೇಕಡಾ 18 ಕಳೆಯುತ್ತಾರೆ. ಹಾಕಿದ್ದು ಒಂದರ ಮೇಲೆ, ತೆಗೆಯುವುದು ಇನ್ನೊಂದರ ಮೇಲೆ!

ಒಳಗಿಂದ ಮಾಲೀಕರು ಬಂದರು. "ಏನಾತ್ರಿ ಅಕ್ಕಾರ? ಹದಿನೆಂಟು ಪರ್ಸೆಂಟ್ ಅಂದ್ರ ನೂರಕ್ಕ ಹದಿನೆಂಟು. ಸರಿನ ಐತಲ್ರಿ" ಅಂದರು. ಹೌದು, ನೂರಕ್ಕೆ ಹದಿನೆಂಟೇ. ಆದರೆ ಯಾವ ನೂರಕ್ಕೆ? ನಾನು ಸೂತ್ರ ಹೇಳಲು ಹೋಗಲಿಲ್ಲ. ಪ್ಯಾಟಿ ಮಂದಿಗೆ ಸೂತ್ರ ಬೇಡ, ಬಡ್ಡಿ ಲೆಕ್ಕ ಸಾಕು. "ಸಾಹುಕಾರ್ರ, ನೀವು ಒಬ್ಬಂವಗ ಅಸಲು ಕೊಟ್ಟೀರಿ. ವರ್ಷದ ಬಡ್ಡಿ ಹದಿನೆಂಟು. ಅವ ಅಸಲು-ಬಡ್ಡಿ ಎರಡೂ ಕೂಡಿಸಿ ನೂರಾಹದಿನೆಂಟು ರೂಪಾಯಿ ತಂದುಕೊಟ್ಟ. ಅದ್ರಾಗ ಬಡ್ಡಿ ಎಷ್ಟು?"

"ಹದಿನೆಂಟು ರೂಪಾಯಿ" ಅಂದರು, ತಡವೇ ಇಲ್ಲದೆ.

"ನೂರಾಹದಿನೆಂಟರ ಮ್ಯಾಲೆ ಹದಿನೆಂಟು ಪರ್ಸೆಂಟ್ ಹಾಕಿ ಇಪ್ಪತ್ತೊಂದು ರೂಪಾಯಿ ಬಡ್ಡಿ ಬಂತು ಅಂತ ಬರ್ಕೋತೀರೇನು?"

ಮಾಲೀಕರು ಮಾತಾಡಲಿಲ್ಲ. ಬಿಲ್ ಬುಕ್ಕನ್ನು ತಮ್ಮ ಕಡೆ ತಿರುಗಿಸಿಕೊಂಡರು.

ಇರುವುದೆಲ್ಲ ಇದೇ. ಮೂಲ ಬೆಲೆ ಅಸಲು, ತೆರಿಗೆ ಅದರ ಮೇಲೆ ಕೂತ ಬಡ್ಡಿ. ಗಿರಾಕಿ ಕೊಡುವ ಹಣದಲ್ಲಿ ಪ್ರತಿ 118 ರೂಪಾಯಿಗೆ ನೂರು ಅಂಗಡಿಯವರದು, ಹದಿನೆಂಟು ಸರ್ಕಾರದ್ದು. ಹಾಗಾದರೆ 3,540ರಲ್ಲಿ ಇಂಥ 118ರ ಗಂಟು ಎಷ್ಟಿವೆ? ಭಾಗಿಸಿದರೆ ಸರಿಯಾಗಿ ಮೂವತ್ತು. ಮೂವತ್ತು ಗಂಟಿನಲ್ಲಿ ತಲಾ ನೂರು ಅಂದರೆ ಮೂಲ ಬೆಲೆ 3,000. ತಲಾ ಹದಿನೆಂಟು ಅಂದರೆ ತೆರಿಗೆ 540. ಅರ್ಧ ಅರ್ಧ ಮಾಡಿದರೆ 270 ಕೇಂದ್ರಕ್ಕೆ, 270 ರಾಜ್ಯಕ್ಕೆ. ಈಗ 3,000ದ ಮೇಲೆ 18 ಪರ್ಸೆಂಟ್ ಹಾಕಿ ನೋಡಿ. ಸುತ್ತಿ ಬಂದು 3,540ಕ್ಕೇ ನಿಲ್ಲುತ್ತದೆ. ಹೀಗೆ ತಿರುಗಿ ಬಂದರೆ ಲೆಕ್ಕ ಸರಿ, ಬಾರದಿದ್ದರೆ ತಪ್ಪು. ಪರೀಕ್ಷೆಗೆ ಬೇರೆ ಏನೂ ಬೇಕಿಲ್ಲ.

ಕ್ಯಾಲ್ಕುಲೇಟರಿನಲ್ಲಿ ಒತ್ತಬೇಕಾದ್ದು ಇಷ್ಟು:

```
3540 ÷ 118 × 100 = 3000
3540 ÷ 118 × 18  = 540
```

ಕಥೆ ಇಲ್ಲಿಗೆ ಮುಗಿಯಲಿಲ್ಲ. ಮಾಲೀಕರ ಮಗ ಕಾಲೇಜಿನಿಂದ ಅದೇ ಆಗ ಬಂದಿದ್ದ, ಬಿಕಾಂ ಅಂತೆ. "ಹಂಗಲ್ಲ ಆಂಟಿ, ಇವು ಎರಡು ಬ್ಯಾರೆ ಬ್ಯಾರೆ ಟ್ಯಾಕ್ಸ್. ಒಂಬತ್ತು, ಒಂಬತ್ತು. ಒಂದೊಂದ ತಗೀಬೇಕು" ಅಂದ. 3,540ನ್ನು 109ರಿಂದ ಭಾಗಿಸಿ ಒಂಬತ್ತರಿಂದ ಗುಣಿಸಿದ. 292.29 ಬಂತು. ಅದನ್ನೇ ಎರಡು ಸಲ ಬರೆದ. ಆಯ್ತು, ಈಗ ಒಂದೇ ಮಿಕ್ಸರಿಗೆ ಮೂರು ತೆರಿಗೆ! ಅಪ್ಪನ ಅಂಗಡಿಯದು 637, ಮಗನದು 584, ನನ್ನದು 540. ಗಿರಾಕಿ ಆರಿಸಿಕೊಳ್ಳಬಹುದು.

ಮಗನ ತಪ್ಪು ಸ್ವಲ್ಪ ಜಾಣತನದ ತಪ್ಪು, ಅದಕ್ಕೆ ಹಿಡಿಯುವುದು ಕಷ್ಟ. ಎರಡು ತೆರಿಗೆ ಹೌದು, ಆದರೆ ಎರಡೂ ಕೂತಿರುವುದು ಅದೇ ನೂರರ ಮೇಲೆ. ಹಾಗಾಗಿ ಒಟ್ಟು ಮೊತ್ತ 118 ಆಗುತ್ತದೆಯೇ ಹೊರತು 109 ಎಲ್ಲಿಯೂ ಆಗುವುದಿಲ್ಲ. ಒಂಬತ್ತನ್ನೇ ಬೇರೆ ತೆಗೆಯಬೇಕು ಅಂದರೂ ಭಾಗಿಸಬೇಕಾದ್ದು 118ರಿಂದಲೇ. ಜಿಎಸ್‌ಟಿ ನಿಯಮಗಳಲ್ಲಿ 35ನೇ ನಿಯಮ ಇದಕ್ಕೆಂದೇ ಇದೆ. ತೆರಿಗೆ ಸೇರಿದ ಮೊತ್ತವನ್ನು ದರದಿಂದ ಗುಣಿಸಿ, ನೂರಕ್ಕೆ ಎಲ್ಲಾ ದರಗಳನ್ನೂ ಕೂಡಿಸಿ ಅದರಿಂದ ಭಾಗಿಸು ಅನ್ನುತ್ತದೆ. ಎಲ್ಲಾ ದರಗಳನ್ನೂ. ಬಿಕಾಂ ಹುಡುಗ ಮೊಬೈಲ್‌ನಲ್ಲಿ ಹುಡುಕಿ ನೋಡಿ ಸುಮ್ಮನಾದ.

ಈಗ ನಿಮ್ಮಲ್ಲಿ ಕೆಲವರು ಕೇಳುತ್ತೀರಿ, ನನಗೆ ಗೊತ್ತು. ನಮ್ಮ ಮನೆಯವರೂ ಕೇಳಿದರು. "ನೀ ಕೊಟ್ಟಿದ್ದು 3,540. ಅವ ಒಳಗ ಹೆಂಗರೆ ಹಂಚ್ಕೊಳ್ಲಿ. ನಿನಗೇನಾಗಬೇಕು?" ಹೌದು, ನನ್ನ ಕಿಸೆಯಿಂದ ಒಂದು ಪೈಸೆಯೂ ಹೆಚ್ಚಿಗೆ ಹೋಗುವುದಿಲ್ಲ. ಹೋಗುವುದು ಆ ಮಾಲೀಕರದೇ. ಬಿಲ್‌ನಲ್ಲಿ ತೆರಿಗೆ ಅಂತ ಬರೆದು ವಸೂಲಿ ಮಾಡಿದ ಹಣವನ್ನು ಸರ್ಕಾರಕ್ಕೆ ಕಟ್ಟಲೇಬೇಕು, ದರಕ್ಕಿಂತ ಜಾಸ್ತಿ ಬರೆದಿದ್ದರೂ ಇಟ್ಟುಕೊಳ್ಳುವಂತಿಲ್ಲ. 637.20 ಬರೆದರೆ 637.20 ಕಟ್ಟಬೇಕು. ಒಂದು ಮಿಕ್ಸರಿಗೆ 97 ರೂಪಾಯಿ 20 ಪೈಸೆ ಅವರ ಲಾಭದಿಂದಲೇ ಹೋಯಿತು. ಗಿರಾಕಿ ಹತ್ತು ರೂಪಾಯಿ ಬಿಡ್ರಿ ಅಂದರೆ ಮುಖ ಗಂಟು ಹಾಕುವವರು, ಇಲ್ಲಿ ಕೇಳದೇನೇ ನೂರು ರೂಪಾಯಿ ದಾನ ಮಾಡುತ್ತಿದ್ದಾರೆ.

ಸರಿ, ಇಷ್ಟೆಲ್ಲ ಬೈದ ಮೇಲೆ ನನ್ನದೂ ಒಂದು ಹೇಳಿಬಿಡುತ್ತೇನೆ. 2017ರಲ್ಲಿ ಒಂದು ಬಟ್ಟೆ ಅಂಗಡಿಯ ಲೆಕ್ಕ ನೋಡುತ್ತಿದ್ದೆ. ಸೀರೆಗೆ 5 ಪರ್ಸೆಂಟ್. ಮೊದಲ ತಿಂಗಳು ಎಲ್ಲಾ ಸೇರಿದ ಮಾರಾಟ 8,40,000. ನಾನು ಮಾಡಿದ್ದು ಏನು? ಅದರ ಮೇಲೆ 5 ಪರ್ಸೆಂಟ್ ಒತ್ತಿ 42,000 ತೆರಿಗೆ ಅಂತ ಬರೆದೆ. ನಿಜವಾದ ತೆರಿಗೆ 40,000. 105ರಲ್ಲಿ 5 ಅಂದರೆ ಇಪ್ಪತ್ತೊಂದರಲ್ಲಿ ಒಂದು ಪಾಲು, 21ರಿಂದ ಭಾಗಿಸಿದ್ದರೆ ಮುಗಿದಿತ್ತು. ದರ ಸಣ್ಣದಿದ್ದಾಗ ಈ ತಪ್ಪು ಕಣ್ಣಿಗೇ ಬೀಳುವುದಿಲ್ಲ. ನೂರು ರೂಪಾಯಿ ಬಿಲ್‌ನಲ್ಲಿ ಐದು ರೂಪಾಯಿ ಬರೆದರೂ ನಾಲ್ಕು ರೂಪಾಯಿ ಎಪ್ಪತ್ತಾರು ಪೈಸೆ ಬರೆದರೂ ಯಾರು ನೋಡುತ್ತಾರೆ? ಮೂರು ತಿಂಗಳಾದ ಮೇಲೆ ಆಡಿಟರ್ ಹಿಡಿದರು. ಧಣೇರು "ಹೋಗ್ಲಿ ಬಿಡ್ರಿ ಅಕ್ಕಾರ, ಎಲ್ಲಾರಿಗೂ ಹೊಸಾದು" ಅಂದರು. ಅವರು ಬೈದಿದ್ದರೆ ಚೆನ್ನಾಗಿತ್ತು. ಆ ರಾತ್ರಿ ನನಗೆ ಊಟ ಸೇರಲಿಲ್ಲ. ನಿನ್ನೆ ಆ ಹುಡುಗನ ಕೈ ಹಿಡಿದು ನಿಲ್ಲಿಸಿದ್ದು ಬುದ್ಧಿವಂತಿಕೆ ತೋರಿಸಲು ಅಲ್ಲ, ಸಿಕ್ಕಾ ಬೀಳುವ ಮೊದಲು ತಡೆಯಲು.

ಅಂಗಡಿಯವರನ್ನೇ ಬೈದರೆ ಅನ್ಯಾಯ. ಗಿರಾಕಿಗಳೂ ಕಡಿಮೆ ಇಲ್ಲ. 2025ರ ಸೆಪ್ಟೆಂಬರ್ 22ರಿಂದ ಎಸಿ ಮೇಲಿನ ತೆರಿಗೆ 28ರಿಂದ 18ಕ್ಕೆ ಇಳಿಯಿತಲ್ಲ. ನಮ್ಮ ಓಣಿಯ ಕಾಕಾ ಒಬ್ಬರು ಅಂಗಡಿಯಲ್ಲಿ ದೊಡ್ಡ ರಂಪ ಮಾಡಿ ಬಂದರು. 38,400ರ ಎಸಿ. ಹತ್ತು ಪರ್ಸೆಂಟ್ ಇಳಿದಿದೆ, 3,840 ಕಡಿಮೆ ಮಾಡು ಅಂತ ಇವರು. ಮೂರು ಸಾವಿರ ಅಷ್ಟೇ ಅಂತ ಅವನು. ನನ್ನ ಹತ್ತಿರ ಪಂಚಾಯಿತಿಗೆ ಬಂದರು. 38,400ನ್ನು 128ರಿಂದ ಭಾಗಿಸಿ ನೂರರಿಂದ ಗುಣಿಸಿದರೆ ಮೂಲ ಬೆಲೆ 30,000. ಇಳಿದ ಹತ್ತು ಪರ್ಸೆಂಟ್ ಆ 30,000ದ ಮೇಲೆ, ಅಂದರೆ ಮೂರು ಸಾವಿರವೇ. ಹೊಸ ದರ 35,400. ಅಂಗಡಿಯವನ ಲೆಕ್ಕ ಸರಿ ಇತ್ತು. ಕಾಕಾ ಎರಡು ದಿನ ನನ್ನ ಜೊತೆ ಮಾತು ಬಿಟ್ಟರು.

ಇನ್ನು "ಎಲ್ಲಾ ಸಾಫ್ಟ್‌ವೇರ್ ಮಾಡ್ತದ" ಅನ್ನುವವರಿಗೆ: ಅದಕ್ಕೆ ಕೊಟ್ಟ ದರ ತೆರಿಗೆ ಸೇರಿದ್ದೋ ಸೇರದ್ದೋ ಅಂತ ನೀವೇ ಹೇಳಬೇಕು. 3,540ನ್ನು ಸೇರದ ದರ ಅಂತ ಹಾಕಿದರೆ ಅದು ತಣ್ಣಗೆ 4,177.20ಕ್ಕೆ ಬಿಲ್ ಕೊಡುತ್ತದೆ. ಸರಿಯಾಗಿ ಹೇಳಿದರೆ ಹೆಚ್ಚೆಂದರೆ ಒಂದು ಪೈಸೆ ಆಚೀಚೆ ಮಾಡುತ್ತದೆ. 5 ಪರ್ಸೆಂಟ್ ಇರುವ 99 ರೂಪಾಯಿ ಸಾಮಾನಿಗೆ ಮೂಲ 94.29, ತೆರಿಗೆ 2.36 ಮತ್ತು 2.36, ಕೂಡಿಸಿದರೆ 99.01. ಆ ಪೈಸೆಗೆ ರೌಂಡ್ ಆಫ್ ಅಂತ ಒಂದು ಸಾಲು ಇರುತ್ತದೆ, ಅದು ತಪ್ಪಲ್ಲ. ಪೈಸೆಗೆ ಜಗಳ ಮಾಡಬೇಡಿ, 97 ರೂಪಾಯಿಗೆ ಮಾಡಿ.

ಹಾಂ, ನನ್ನ ಈ ಹುಚ್ಚು ಮನೆಯವರಿಗೂ ಅಂಟಿದೆ. ಮೊನ್ನೆ ಖಾನಾವಳಿಯಲ್ಲಿ ರೊಟ್ಟಿ ಊಟ ಮಾಡಿ 210ರ ಬಿಲ್ ನೋಡಿ "ಹತ್ತು ರೂಪಾಯಿ ಟ್ಯಾಕ್ಸ್" ಅಂದರು. ಬಿಲ್ ತಿರುಗಿಸಿ ತೋರಿಸಿದೆ. ಅದು ಕಾಂಪೊಸಿಷನ್ ಖಾನಾವಳಿ, ಗಿರಾಕಿಯಿಂದ ತೆರಿಗೆ ತೆಗೆದುಕೊಳ್ಳುವಂತೆಯೇ ಇಲ್ಲ ಅಂತ ಮೇಲೆ ಅಚ್ಚಾಗಿತ್ತು. ಅಲ್ಲಿ 210 ಅಂದರೆ 210, ಹಿಂದಕ್ಕೆ ಲೆಕ್ಕ ಹಾಕಲು ಒಳಗೆ ಏನೂ ಇಲ್ಲ.

ಮಿಕ್ಸರ್ ಅಂಗಡಿಗೆ ಬರೋಣ. ಮಾಲೀಕರು ಹಳೆಯ ಬಿಲ್ ಮೇಲೆ ಅಡ್ಡ ಗೀಟು ಎಳೆದು ಕ್ಯಾನ್ಸಲ್ ಅಂತ ಬರೆದರು. ಹುಡುಗ ಹೊಸದು ಬರೆದ: 3,000, 270, 270. ಮಿಕ್ಸರ್ ಡಬ್ಬಿಯ ರಟ್ಟು ಹರಿದು ಅದರ ಮೇಲೆ ಮಾರ್ಕರಿನಲ್ಲಿ "÷118 ×18" ಅಂತ ದೊಡ್ಡದಾಗಿ ಬರೆದು ಕ್ಯಾಲ್ಕುಲೇಟರಿನ ಹಿಂದಿನ ಗೋಡೆಗೆ ಅಂಟಿಸಿದ. ಚಹಾ ತರಿಸಿದರು, ಕುಡಿದೆ. ಖುಷಿಯಿಂದ ಆಟೋ ಹತ್ತಿದೆ.

ಮನೆಗೆ ಬಂದು ಡಬ್ಬಿ ಬಿಚ್ಚಿದಾಗ ನೆನಪಾಯಿತು. ಈ ಎಲ್ಲಾ ಗದ್ದಲದಲ್ಲಿ ವಾರಂಟಿ ಕಾರ್ಡಿಗೆ ಸಿಕ್ಕಾ ಹಾಕಿಸುವುದನ್ನೇ ಮರೆತಿದ್ದೇನೆ. ನಾಳೆ ಮತ್ತೆ ಹೋಗಬೇಕು. ರಟ್ಟು ಗೋಡೆ ಮೇಲೆ ಇದೆಯೋ ಇಲ್ಲವೋ ನೋಡಿಕೊಂಡು ಬರುತ್ತೇನೆ.