ಪಾರ್ಚ್‌ಮೆಂಟ್ ತಿನ್ನೋ ಆನೆ

ಸಕಲೇಶಪುರದ ಹತ್ರ ತೋಟ ಇಟ್ಕೊಂಡು ಬೆಂಗಳೂರಲ್ಲಿರೋ ನಮ್ಮ ಭಾವ ಮೊನ್ನೆ ಕಣಕ್ಕೆ ಸಿಸಿಟಿವಿ ಹಾಕ್ಸಿದ್ರು. ಕಾಫಿ ರೇಟು ಏರಿದ್ಮೇಲೆ ಮೂಟೆ ಮಾಯ ಆಗೋ ಸುದ್ದಿ ನೀವೂ ಓದಿರ್ತೀರಿ, ಅದಕ್ಕೇ. ಈಗ ಜಯನಗರದ ಸೋಫಾ ಮೇಲೆ ಕೂತು ಮೊಬೈಲಲ್ಲಿ ಕಾಫಿ ಒಣಗೋದನ್ನ ನೋಡ್ತಾರೆ. ಒಂದಿನ ಕಣದಲ್ಲಿ ಅರ್ಧ ಗಂಟೆ ಮಲಗಿದ್ದ ನಾಯಿ ವಿಡಿಯೋನ ನಂಗೂ ಕಳ್ಸಿದ್ರು, ನಾಯಿ ಚೆನ್ನಾಗಿತ್ತು.

ಕಥೆ ಶುರುವಾಗಿದ್ದು ಹೋದ ವರ್ಷದ ಲೆಕ್ಕದಿಂದ. ಅರೇಬಿಕಾ ಹಣ್ಣು ಹೆಚ್ಚುಕಮ್ಮಿ 5 ಕೆಜಿಗೆ 1 ಕೆಜಿ ಪಾರ್ಚ್‌ಮೆಂಟ್, ಅಂದ್ರೆ ಹಣ್ಣಿನ ಸಿಪ್ಪೆ ಬಿಡ್ಸಿ ತೊಳ್ದು ಒಣಗ್ಸಿದ ಬೀಜ. ತೋಟದ ಲೆಕ್ಕ ಬರಿಯೋ ರೈಟರ್ ಪುಸ್ತಕದಲ್ಲಿ 10,000 ಕೆಜಿ ಹಣ್ಣು ತೂಗಿದೆ, ಅಂದ್ರೆ 50 ಕೆಜಿಯ 40 ಮೂಟೆ ಬರ್ಬೇಕು. ಬಂದಿದ್ದು 34. ಕೇಳಿದ್ರೆ ಮ್ಯಾನೇಜರ್, "ಹಣ್ಣಿನ ಜೊತೆ ಕಾಯಿ ಬೆರ್ತೋಯ್ತು ಸಾರ್, ಜೊಳ್ಳು ಜಾಸ್ತಿ, ಆಮೇಲೆ ಆನೆ ಬೇರೆ ಬಂದಿತ್ತು" ಅಂದ್ರು. ತೂಗಿ ಆದ್ಮೇಲೆ ಬಂದು ಪಾರ್ಚ್‌ಮೆಂಟ್ ತಿಂದು ಹೋಗೋ ಆನೆ ನಮ್ಮ ತಾಲ್ಲೂಕಲ್ಲಿ ಮಾತ್ರ ಇರೋದು, ಅರಣ್ಯ ಇಲಾಖೆಯೋರು ಇದಕ್ಕೊಂದು ರೇಡಿಯೋ ಕಾಲರ್ ಹಾಕ್ಬೇಕು! ಆದ್ರೆ ಕಾಯಿ, ಜೊಳ್ಳಿನ ಮಾತು ನಿಜಾನೂ ಇರ್ಬಹುದಲ್ಲ? ಸೋಮಾರಿತನ, ಕಳ್ಳತನ, ಹವಾಮಾನ, ಮೂರೂ ಪುಸ್ತಕದಲ್ಲಿ 34 ಅಂತಲೇ ಕಾಣ್ಸುತ್ತೆ, ಬೆಂಗಳೂರಿಂದ ಭಾವನಿಗೆ ಯಾವುದು ಯಾವುದು ಅಂತ ಗೊತ್ತಾಗೋ ದಾರಿ ಇಲ್ಲ. ಮ್ಯಾನೇಜರಿಗೆ ಮಾತ್ರ ಗೊತ್ತು.

ಭಾವ ಅದಕ್ಕೂ ಉಪಾಯ ಮಾಡಿದ್ರು, ತೂಗಿದ ಹಣ್ಣಿನ ಮೇಲೆ ಕೆಜಿಗಿಷ್ಟು ಅಂತ ಬೋನಸ್. ಎಂಥಾ ತಲೆ! ಈ ಸಲ ಹಸಿರು ಕಾಯೀನೂ ಸೇರ್ಸಿ ಗಿಡ ಬೋಳು ಮಾಡಿ ತೂಗಿದ್ರು, ಪುಸ್ತಕ ತುಂಬ್ತು, ಪಲ್ಪರಲ್ಲಿ ಅರ್ಧ ಕಾಯಿ ಸಿಪ್ಪೆನೇ ಬಿಡ್ಲಿಲ್ಲ. ಇನ್ನು ಕಾಂಡ ಕೊರಿಯೋ ಬೋರರ್ ಹುಳ ಹೊಡ್ದ ಗಿಡ ಇದೆಯಲ್ಲ, ಎಲೆ ಹಳದಿ ಆಗಿ ಕಾಂಡದ ಮೇಲೆ ಉಬ್ಬಿದ ಗೆರೆ ಬಂದಿರುತ್ತೆ, ಏಪ್ರಿಲಲ್ಲಿ ಆ ಹುಳ ದುಂಬಿ ಆಗಿ ಹಾರೋ ಮೊದಲು ಕಿತ್ತು ಸುಡ್ಬೇಕು. ಆದ್ರೆ ಅದ್ರಲ್ಲಿ ಮುಂದಿನ ಕುಯ್ಲಿಗೂ ನಾಲ್ಕು ಕೆಜಿ ಹಣ್ಣು ಆಗ್ಬಹುದು. ಕಿತ್ರೆ ಬೋನಸ್ ಹೋಯ್ತು, ಬಿಟ್ರೆ ಇನ್ನೆರಡು ವರ್ಷದಲ್ಲಿ ಸುತ್ತ ಇರೋ ಗಿಡಾನೂ ಹೋಗುತ್ತೆ, ಆ ಹೊತ್ತಿಗೆ ಮ್ಯಾನೇಜರ್ ಮೂಡಿಗೆರೆ ಕಡೆ ಬೇರೆ ತೋಟದಲ್ಲಿ ಇರ್ತಾರೆ. ಅವ್ರು ಕಿತ್ತಿಲ್ಲ. ನಾನಾಗಿದ್ರೂ ಕೀಳ್ತಿರ್ಲಿಲ್ಲ.

1976ರಲ್ಲಿ ಜೆನ್ಸನ್, ಮೆಕ್ಲಿಂಗ್ ಅನ್ನೋ ಇಬ್ರು ಅರ್ಥಶಾಸ್ತ್ರಜ್ಞರು ಇದಕ್ಕೆ ಏಜೆನ್ಸಿ ಕಾಸ್ಟ್ ಅಂದ್ರು: ಮಾಲೀಕ ಕಾಯೋಕೆ ಮಾಡೋ ಖರ್ಚು, ಕೆಲಸದೋನು ನಂಬಿಕೆ ಹುಟ್ಸೋಕೆ ಮಾಡೋ ಖರ್ಚು, ಇಷ್ಟಾದ್ಮೇಲೂ ಆಗೋ ನಷ್ಟ. ಭಾವನ ಕ್ಯಾಮೆರಾ ಮೊದಲನೇ ಖಾತೆಗೆ, ಬೋರರ್ ಗಿಡ ಕೊನೇ ಖಾತೆಗೆ.

ನಂಗೆ ಇದೆಲ್ಲ ತಮಾಷೆ ಅನ್ಸ್ತಿತ್ತು, ಹೋದ ವಾರ ಸಂಜೆ ನಾನೇ ತೋಟದ ಗೇಟಲ್ಲಿ ನಿಂತಿರೋ ತನಕ. ಹಣ್ಣು ಕುಯ್ಯೋ ಹೆಂಗಸ್ರ ಚೀಲ, ಟಿಫನ್ ಕ್ಯಾರಿಯರ್ ಎಲ್ಲ ಬಿಚ್ಚಿ ನೋಡ್ತಿದ್ರು, ಭಾವನ ಹೊಸ ರೂಲು. ಒಬ್ಬಾಕೆ ಡಬ್ಬಿ ಮುಚ್ಚಳ ತೆಗ್ದು ಏನೂ ಮಾತಾಡ್ದೆ ತೋರ್ಸಿದ್ರು, ಅರ್ಧ ಅಕ್ಕಿ ರೊಟ್ಟಿ ಇತ್ತು. ಅಷ್ಟರಲ್ಲಿ ಹಿಂದಿಂದ ಟಾರ್ಪಾಲ್ ಹಾಕಿದ ಜೀಪು ಹಾರನ್ ಹೊಡೀತು. ಅವ್ರೆಲ್ಲ ಪಕ್ಕಕ್ಕೆ ಸರಿದ್ರು, ಗೇಟಿನೋನು ಓಡಿ ಹೋಗಿ ಗೇಟ್ ತೆಗ್ದ.